ಮಲೆನಾಡಿನ ಮಳೆಗಾಲದಲ್ಲಿ ಲೆದರ್ ಬ್ಯಾಗ್: ಬೂಷ್ಟು ಹಿಡಿಯದಂತೆ, ಬಿರುಕು ಬಿಡದಂತೆ ಇಡುವ ಕ್ರಮ

ಮೇ ತಿಂಗಳ ಮದುವೆಗಳು ಮುಗಿದ ಮೇಲೆ ಬೀರು ಸೇರಿದ ಲೆದರ್ ಬ್ಯಾಗ್ ಮತ್ತೆ ಹೊರಗೆ ಬರುವುದು ಗೌರಿ ಹಬ್ಬದ ಹೊತ್ತಿಗೆ. ನಡುವೆ ಮೂರು ತಿಂಗಳು ಜಡಿಮಳೆ. ತೆಗೆದು ನೋಡಿದರೆ ಮೈಮೇಲೆಲ್ಲ ಬೂದುಬಿಳಿ ಬೂಷ್ಟು, ಒಳಗೆ ಮುಗ್ಗಲು ವಾಸನೆ. ಗಾಬರಿಯಾಗಿ ಒದ್ದೆ ಬಟ್ಟೆಯಲ್ಲಿ ಒರೆಸುತ್ತೇವೆ. ಬಿಸಿಲು ಕಂಡರೆ ಅಂಗಳದಲ್ಲಿ ಇಡುತ್ತೇವೆ, ಕಾಣದಿದ್ದರೆ ಬಚ್ಚಲ ಒಲೆಯ ಹತ್ತಿರ. ಬೂಷ್ಟೇನೋ ಹೋಗುತ್ತದೆ. ಆದರೆ ಮುಂದಿನ ಬೇಸಿಗೆ ಬರುವಷ್ಟರಲ್ಲಿ ಹಿಡಿಕೆ ಬಗ್ಗುವ ಜಾಗದಲ್ಲಿ ಬಿರುಕು ಬಿಟ್ಟಿರುತ್ತದೆ. ನಮ್ಮ ಕಡೆ ಬಿರುಕು ಬಿಟ್ಟ ಬ್ಯಾಗುಗಳಲ್ಲಿ ಬಹಳಷ್ಟು ಹಾಳಾದದ್ದು ಮಳೆಯಿಂದಲ್ಲ, ಮಳೆಯಲ್ಲಿ ಅವಸರಕ್ಕೆ ಒಣಗಿಸಿದ್ದರಿಂದ.

ಒಂದು ಒಳ್ಳೆ ಲೆದರ್ ಬ್ಯಾಗನ್ನು ಜೂನ್‌ನಿಂದ ಅಕ್ಟೋಬರ್‌ವರೆಗೆ ಹೇಗೆ ಇಡಬೇಕು, ಅದಕ್ಕೆ ಮೊದಲು ಮತ್ತು ಆಮೇಲೆ ಏನು ಮಾಡಬೇಕು ಅನ್ನುವುದಷ್ಟೇ ಇಲ್ಲಿನ ವಿಷಯ. ಶಿವಮೊಗ್ಗ ಪೇಟೆಯಲ್ಲಿರುವವರಿಗೆ ಇದರಲ್ಲಿ ಅರ್ಧ ಸಾಕಾಗಬಹುದು. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯವರಿಗೆ ಪೂರ್ತಿ ಬೇಕು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ. ಅಲ್ಲಿ ಬ್ಯಾಗನ್ನು ಸುಮ್ನೆ ಬೀರುವಿನಲ್ಲಿಟ್ಟು ಚೆನ್ನಾಗಿರಲಿ ಅಂದರೆ ಆಗುವ ಮಾತಲ್ಲ.

ನೀರು ಇರುವುದು ಎಲ್ಲಿ?

ಹೊಸ ಬ್ಯಾಗಿನ ಜೊತೆ ಬಂದ ಸಿಲಿಕಾ ಜೆಲ್‌ನ ಚಿಕ್ಕ ಪೊಟ್ಟಣವನ್ನು ಜೋಪಾನವಾಗಿ ಒಳಗೇ ಬಿಟ್ಟು, "ಅದು ಇದೆಯಲ್ಲ, ಬೂಷ್ಟು ಬರಲ್ಲ" ಅಂದುಕೊಳ್ಳುವವರು ಬಹಳ. ಆ ಪೊಟ್ಟಣ ಏಕೆ ಸಾಲದು ಅನ್ನುವುದು ಗೊತ್ತಾದರೆ ಮುಂದಿನ ಹಂತಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ.

ಚರ್ಮ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತದೆ, ಡಬ್ಬಿಯ ಮುಚ್ಚಳ ತೆರೆದಿಟ್ಟರೆ ಹಪ್ಪಳ ಮೆತ್ತಗಾಗುವ ಹಾಗೆ. ಗಾಳಿಯ ತೇವಾಂಶ 50 ಶೇಕಡಾ ಇದ್ದಾಗ ಲೆದರ್ ತನ್ನ ತೂಕದ ಸುಮಾರು 14 ಶೇಕಡಾದಷ್ಟು ನೀರನ್ನು ಒಳಗೆ ಇಟ್ಟುಕೊಂಡಿರುತ್ತದೆ. ಇಷ್ಟು ನೀರು ಅದಕ್ಕೆ ಬೇಕು. ಅದಿಲ್ಲದಿದ್ದರೆ ನಾರುಗಳು ಬಿಗಿದುಕೊಂಡು ಗಡುಸಾಗುತ್ತವೆ. ಆದರೆ ಜುಲೈನಲ್ಲಿ ನಮ್ಮ ಮನೆಗಳ ಒಳಗೇ ತೇವಾಂಶ 85, 90 ದಾಟುತ್ತದೆ. ಆಗ ಅದೇ ಲೆದರ್‌ನಲ್ಲಿ ನೀರು 22ರಿಂದ 25 ಶೇಕಡಾದ ತನಕ ಏರುತ್ತದೆ. ಬ್ಯಾಗಿನಲ್ಲಿ ಅರ್ಧ ಕಿಲೋ ಚರ್ಮ ಇದೆ ಅಂದುಕೊಂಡರೆ, ಮಳೆಗಾಲದಲ್ಲಿ ಅದು 40–50 ಗ್ರಾಂ ನೀರನ್ನು ಹೆಚ್ಚಿಗೆ ಕುಡಿದಿರುತ್ತದೆ.

ಈಗ ಗಾಳಿಯ ಲೆಕ್ಕ ನೋಡಿ. 35 ಲೀಟರಿನ ಒಂದು ಪ್ಲಾಸ್ಟಿಕ್ ಡಬ್ಬದ ತುಂಬ ಪೂರ್ತಿ ಒದ್ದೆ ಗಾಳಿ ಇದ್ದರೂ ಅದರಲ್ಲಿರುವ ನೀರಾವಿ ಒಂದು ಗ್ರಾಂ ಕೂಡ ಆಗುವುದಿಲ್ಲ. ನೀರೆಲ್ಲ ಇರುವುದು ಚರ್ಮದೊಳಗೆ. 5 ಗ್ರಾಂ ಸಿಲಿಕಾ ಪೊಟ್ಟಣ ಹೆಚ್ಚೆಂದರೆ ಒಂದೂವರೆ ಗ್ರಾಂ ನೀರು ಹೀರಬಲ್ಲದು. 50 ಗ್ರಾಂ ನೀರಿಗೆ ಅದು ಯಾವ ಲೆಕ್ಕ? ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟ ಬ್ಯಾಗಿಗೇ ಮೊದಲು ಬೂಷ್ಟು ಬರುವುದೂ ಇದೇ ಕಾರಣಕ್ಕೆ. ಹೊರಗಿನ ತೇವ ಒಳಗೆ ಹೋಗದಿರಬಹುದು, ಆದರೆ ಚರ್ಮದಲ್ಲಿ ಆಗಲೇ ಇರುವ ನೀರು ಹೊರಗೆ ಬರಲು ದಾರಿಯಿಲ್ಲ.

ಬೂಷ್ಟಿನ ಬೀಜಕಣಗಳು ಎಲ್ಲೆಡೆ ಇರುತ್ತವೆ. ಅವನ್ನು ಮನೆಯಿಂದ ಓಡಿಸಲಾಗುವುದಿಲ್ಲ. ತೇವಾಂಶ 65–70 ದಾಟಿ ಕೆಲವು ದಿನ ಹಾಗೇ ಇದ್ದರೆ ಅವು ಚಿಗುರುತ್ತವೆ. ಚರ್ಮದಲ್ಲಿರುವ ಕೊಬ್ಬು, ಕೈಬೆವರು, ಒಳಗೆ ಬಿದ್ದ ಬಿಸ್ಕತ್ತಿನ ಪುಡಿ ಅವಕ್ಕೆ ಊಟ. ಹಾಗಾಗಿ ನಮ್ಮ ಗುರಿ 45ರಿಂದ 55 ಶೇಕಡಾ ತೇವಾಂಶ. 65ರ ಮೇಲೆ ಹೋದರೆ ಬೂಷ್ಟು, 40ರ ಕೆಳಗೆ ಬಹುಕಾಲ ಇದ್ದರೆ ಬಿರುಕು.

ಮೊದಲು ಬ್ಯಾಗ್ ಯಾವುದೆಂದು ನೋಡಿಕೊಳ್ಳಿ

ರೆಕ್ಸಿನ್ ಅಥವಾ ಪಿಯು ಬ್ಯಾಗಿಗೆ ಕ್ರೀಮ್ ಹಚ್ಚಿ ಪ್ರಯೋಜನವಿಲ್ಲ. ಪಿಯು ಆದರೆ ಮೇಲಿನ ಪದರ ಪಾಲಿಯುರೆಥೇನ್. ವರ್ಷಗಟ್ಟಲೆ ತೇವ ತಿಂದರೆ ಅದು ಒಳಗಿಂದಲೇ ಸಡಿಲವಾಗಿ, ಮೊದಲು ಅಂಟಂಟಾಗಿ ಆಮೇಲೆ ಹೊಪ್ಪಳೆ ಏಳುತ್ತದೆ. ಒಣ ಜಾಗದಲ್ಲಿಟ್ಟರೆ ಇನ್ನೊಂದೆರಡು ವರ್ಷ ಬರುತ್ತದೆ, ಅಷ್ಟೆ. ಚರ್ಮವೋ ಅಲ್ಲವೋ ಅನ್ನುವುದನ್ನು ಜಿಪ್ಪಿನ ಒಳಬದಿಯ ಕತ್ತರಿಸಿದ ಅಂಚಿನಲ್ಲಿ ನೋಡಿ. ಚರ್ಮವಾದರೆ ನಾರು ನಾರಾಗಿ ಕಾಣುತ್ತದೆ. ರೆಕ್ಸಿನ್ ಆದರೆ ಬಟ್ಟೆಯ ನೇಯ್ಗೆ, ಅದರ ಮೇಲೆ ಪ್ಲಾಸ್ಟಿಕ್ ಪದರ.

ಚರ್ಮವೇ ಆಗಿದ್ದರೆ ಒಂದು ಹನಿ ನೀರಿನ ಪರೀಕ್ಷೆ ಮಾಡಿ. ಬ್ಯಾಗಿನ ತಳದಲ್ಲಿ, ಕಣ್ಣಿಗೆ ಬೀಳದ ಜಾಗದಲ್ಲಿ, ಬೆರಳ ತುದಿಯಿಂದ ಒಂದು ಹನಿ ಇಡಿ. ಒಂದು ನಿಮಿಷ ಆದರೂ ಹನಿ ಮಣಿಯಂತೆ ನಿಂತಿದ್ದರೆ ಮೇಲೆ ಬಣ್ಣದ ಲೇಪನವಿದೆ ಎಂದರ್ಥ. ಅಂಗಡಿಯಲ್ಲಿ ಸಿಗುವ ಬಹುಪಾಲು ಬ್ಯಾಗುಗಳು ಇಂಥವೇ, ಇವು ಸ್ವಲ್ಪ ಗಟ್ಟಿ. ಹನಿ ಇಂಗಿ ಆ ಜಾಗ ಕಪ್ಪಾದರೆ ಚರ್ಮ ಹೆಚ್ಚು ಕಡಿಮೆ ಬರಿಮೈಯಲ್ಲಿದೆ. ಇಂಥದಕ್ಕೆ ಕ್ರೀಮಾಗಲಿ ಸ್ಪಿರಿಟ್ಟಾಗಲಿ ಹಚ್ಚುವಾಗ ಎರಡು ಪಟ್ಟು ಎಚ್ಚರ ಬೇಕು. ಸ್ವೀಡ್, ಅಂದರೆ ಮೇಲ್ಮೈ ಮಖಮಲ್ಲಿನಂತಿರುವ ಚರ್ಮಕ್ಕೆ ಕ್ರೀಮ್ ಹಚ್ಚಲೇಬೇಡಿ. ಅದಕ್ಕೆ ಬ್ರಷ್ ಮತ್ತು ಒಣ ಡಬ್ಬ ಸಾಕು.

ಕ್ರೀಮ್ ಹಚ್ಚುವುದು: ರೋಹಿಣಿ ಮಳೆಗೆ ಮೊದಲು

ಕ್ರೀಮ್ ಹಚ್ಚಲು ಒಳ್ಳೆ ಕಾಲ ಏಪ್ರಿಲ್ ಕೊನೆಯಿಂದ ಮೇ ಮಧ್ಯದವರೆಗೆ. ರೋಹಿಣಿ ಮಳೆ ಶುರುವಾಗುವುದು ಮೇ 25ರ ಸುಮಾರಿಗೆ, ಅಷ್ಟರೊಳಗೆ ಕೆಲಸ ಮುಗಿದಿರಬೇಕು. ಮಳೆಗಾಲದ ನಡುವೆ ಕ್ರೀಮ್ ಹಚ್ಚುವುದು ಬೂಷ್ಟಿಗೆ ಬೆಣ್ಣೆ ಬಡಿಸಿದಂತೆಯೇ ಸರಿ.

ಮೊದಲು ಬ್ಯಾಗನ್ನು ಪೂರ್ತಿ ಖಾಲಿ ಮಾಡಿ. ಒಳಗಿನ ಅಸ್ತರಿ ಬಟ್ಟೆಯನ್ನು ಹೊರಗೆಳೆದು ಕೊಡವಿ. ಮೂಲೆಗಳಲ್ಲಿ ಸಿಕ್ಕಿಕೊಂಡ ಪುಡಿ, ಕುಂಕುಮ, ಹಳೆ ಬಸ್ ಟಿಕೆಟ್ ಎಲ್ಲ ಹೋಗಲಿ. ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಬಳಸಿ. ಹೊರಮೈಯನ್ನು ಒಣ ಹತ್ತಿ ಬಟ್ಟೆಯಲ್ಲಿ ಒರೆಸಿ, ಆಮೇಲೆ ಬಟ್ಟೆಯನ್ನು ನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿ ಇನ್ನೊಮ್ಮೆ ಒರೆಸಿ. ಹಿಡಿಕೆ ಮತ್ತು ಮೇಲಿನ ಅಂಚಿಗೆ ಗಮನ ಜಾಸ್ತಿ ಕೊಡಿ. ಕೈಬೆವರು, ಕೈಯ ಎಣ್ಣೆ ಅಂಟಿರುವುದು ಅಲ್ಲೇ, ಬೂಷ್ಟು ಮೊದಲು ಬರುವುದೂ ಅಲ್ಲೇ. ಒರೆಸಿದ ಮೇಲೆ ನೆರಳಲ್ಲಿ ಒಂದು ದಿನ ಬಿಡಿ.

ಕ್ರೀಮ್ ಎಂದರೆ ಬಣ್ಣವಿಲ್ಲದ ಲೆದರ್ ಕ್ರೀಮ್. ಲ್ಯಾನೋಲಿನ್ ಅಥವಾ ಜೇನುಮೇಣ ಇರುವುದಾದರೆ ಆಗಬಹುದು. ಶೂ ಪಾಲಿಶ್ ಬೇಡ, ಅದರ ಬಣ್ಣ ಸೀರೆಗೆ ಹತ್ತುತ್ತದೆ. ಮನೆಯಲ್ಲೇ ಇದೆಯಲ್ಲ ಅಂತ ಕೊಬ್ಬರಿ ಎಣ್ಣೆ ಹಚ್ಚುವವರಿದ್ದಾರೆ. ಹಚ್ಚಿದ ದಿನ ಬ್ಯಾಗು ಫಳಫಳ ಹೊಳೆಯುವುದು ನಿಜ. ಆದರೆ ಎಣ್ಣೆ ಒಂದೇ ಸಮ ಇಳಿಯುವುದಿಲ್ಲ, ಕಲೆ ಕಲೆಯಾಗಿ ಕಪ್ಪಾಗುತ್ತದೆ. ಕ್ರಮೇಣ ಕಮಟು ವಾಸನೆ ಬರುತ್ತದೆ. ಒಮ್ಮೆ ಒಳಗೆ ಇಳಿದ ಎಣ್ಣೆಯನ್ನು ಹೊರಗೆ ತೆಗೆಯುವ ದಾರಿ ಮನೆಯಲ್ಲಿಲ್ಲ. ಶೇಂಗಾ ಎಣ್ಣೆ, ಆಲಿವ್ ಎಣ್ಣೆಗಳಿಗೂ ಇದೇ ಮಾತು.

ಹಚ್ಚುವ ಪ್ರಮಾಣ ಇಡೀ ಬ್ಯಾಗಿಗೆ ಎರಡು ಮೂರು ಕಡಲೆಕಾಳಿನಷ್ಟು. ಕಡಿಮೆಯಾಯಿತು ಅನ್ನಿಸಿದರೂ ಅಷ್ಟೇ ಇರಲಿ. ಕ್ರೀಮನ್ನು ನೇರ ಬ್ಯಾಗಿನ ಮೇಲೆ ಇಡದೆ ಬಟ್ಟೆಗೆ ತಗೊಂಡು, ಬಟ್ಟೆಯನ್ನೇ ಸ್ವಲ್ಪ ಉಜ್ಜಿಕೊಂಡು, ಆಮೇಲೆ ತೆಳ್ಳಗೆ ವೃತ್ತಾಕಾರದಲ್ಲಿ ಸವರಿ. ಮೊದಲು ತಳದ ಮೂಲೆಯಲ್ಲಿ ಹಚ್ಚಿ ಅರ್ಧ ಗಂಟೆ ಕಾಯಿರಿ, ಬಣ್ಣ ಬದಲಾಗದಿದ್ದರೆ ಮುಂದುವರಿಸಿ. ಹಿಡಿಕೆ ಬಗ್ಗುವ ಜಾಗ, ಮುಚ್ಚಳ ಮಡಚುವ ಗೆರೆ, ತಳದ ನಾಲ್ಕು ಮೂಲೆಗಳಿಗೆ ಇನ್ನೊಂದು ಸಲ ಕೈ ಆಡಿಸಿ. ಬಿರುಕು ಶುರುವಾಗುವುದು ಈ ಜಾಗಗಳಲ್ಲೇ. ಹೊಲಿಗೆಯ ತೂತುಗಳಲ್ಲಿ ಕ್ರೀಮ್ ತುಂಬಿಕೊಳ್ಳದಂತೆ ನೋಡಿಕೊಳ್ಳಿ.

ಇಪ್ಪತ್ತು ನಿಮಿಷ ಬಿಟ್ಟು ಒಣ ಬಟ್ಟೆಯಲ್ಲಿ ಉಳಿದದ್ದನ್ನೆಲ್ಲ ಒರೆಸಿ ತೆಗೆಯಿರಿ. ಬೆರಳಿಗೆ ಜಿಡ್ಡು ಹತ್ತಿದರೆ ಇನ್ನೂ ಒರೆಸಬೇಕು ಎಂದರ್ಥ. ಆಮೇಲೆ ಒಂದು ರಾತ್ರಿ ಪೂರ್ತಿ ಗಾಳಿಯಾಡುವ ಜಾಗದಲ್ಲಿಟ್ಟು ಮಾರನೇ ದಿನವಷ್ಟೇ ಒಳಗಿಡುವ ಯೋಚನೆ ಮಾಡಿ.

ಡಬ್ಬ, ಸಿಲಿಕಾ, ಮೀಟರ್

ಮುಖ್ಯ ಕೆಲಸ ಇದೇ. ಮೂರು ಸಾಮಾನು ಬೇಕು. ಮುಚ್ಚಳಕ್ಕೆ ರಬ್ಬರ್ ಪಟ್ಟಿಯಿದ್ದು ನಾಲ್ಕೂ ಕಡೆ ಕ್ಲಿಪ್ ಬೀಳುವ 30–40 ಲೀಟರಿನ ಪ್ಲಾಸ್ಟಿಕ್ ಡಬ್ಬ ಒಂದು. ಅರ್ಧ ಕಿಲೋ ಸಿಲಿಕಾ ಜೆಲ್. ಪುಟ್ಟ ಡಿಜಿಟಲ್ ಹೈಗ್ರೋಮೀಟರ್, ಅಂದರೆ ತೇವಾಂಶ ತೋರಿಸುವ ಮೀಟರ್. ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಮೀಟರಿಗೆ ದುಡ್ಡು ಏಕೆ ದಂಡ ಅಂದುಕೊಳ್ಳಬೇಡಿ. ಅದಿಲ್ಲದಿದ್ದರೆ ಒಳಗೆ 80 ಇದೆಯೋ 25 ಇದೆಯೋ ಗೊತ್ತಾಗುವುದಿಲ್ಲ, ಎರಡೂ ಬ್ಯಾಗಿಗೆ ಕೇಡು.

ಅಗ್ಗದ ಮೀಟರುಗಳು ಐದಾರು ಅಂಕ ಆಚೀಚೆ ತೋರಿಸುವುದುಂಟು. ಅದನ್ನು ಅಡುಗೆಮನೆಯಲ್ಲೇ ಪರೀಕ್ಷಿಸಬಹುದು. ಬಾಟಲಿಯ ಮುಚ್ಚಳದಲ್ಲಿ ಪ್ಯಾಕೆಟ್ ಪುಡಿ ಉಪ್ಪು ತುಂಬಿ, ನಾಲ್ಕೈದು ಹನಿ ನೀರು ಹಾಕಿ ಕೆಸರಿನಂತೆ ಮಾಡಿ. ಉಪ್ಪು ಪೂರ್ತಿ ಕರಗಬಾರದು. ಈ ಮುಚ್ಚಳವನ್ನೂ ಮೀಟರನ್ನೂ ಒಂದು ಜಿಪ್ ಕವರಿನಲ್ಲಿ ಹಾಕಿ ಬಿಗಿಯಾಗಿ ಮುಚ್ಚಿ, ಒಂದು ರಾತ್ರಿ ಬಿಡಿ. ಒದ್ದೆ ಉಪ್ಪಿನ ಮೇಲಿನ ಗಾಳಿಯ ತೇವಾಂಶ 75 ಶೇಕಡಾದಲ್ಲಿ ನಿಲ್ಲುತ್ತದೆ. ನಿಮ್ಮ ಮೀಟರ್ 80 ತೋರಿಸಿದರೆ ಅದು ಐದು ಹೆಚ್ಚಿಗೆ ಹೇಳುತ್ತಿದೆ. ಹಿಂಬದಿಯಲ್ಲಿ ಪೆನ್ನಿನಿಂದ ಬರೆದಿಟ್ಟುಕೊಳ್ಳಿ. ಇದಕ್ಕೆ ಕಲ್ಲುಪ್ಪು ಬೇಡ, ಅದರಲ್ಲಿ ಬೇರೆ ಲವಣಗಳೂ ಇರುವುದರಿಂದ ಲೆಕ್ಕ ತಪ್ಪುತ್ತದೆ.

ಸಿಲಿಕಾದಲ್ಲಿ ನೀಲಿ, ಕಿತ್ತಳೆ, ಬಿಳಿ ಎಂದು ಬಗೆಗಳಿವೆ. ನೀಲಿ ಬಣ್ಣ ಬರುವುದು ಕೋಬಾಲ್ಟ್ ಕ್ಲೋರೈಡಿನಿಂದ, ಅದು ವಿಷಕಾರಿ. ಮಕ್ಕಳಿರುವ ಮನೆಗೆ ಕಿತ್ತಳೆ ಅಥವಾ ಬಿಳಿಯೇ ಸರಿ. ಹಳೆ ಕಾಲುಚೀಲದಲ್ಲೋ ತೆಳ್ಳನೆ ಹತ್ತಿ ಚೀಲದಲ್ಲೋ ತುಂಬಿ ಬಾಯಿ ಕಟ್ಟಿ. ಕಾಳುಗಳು ಚರ್ಮಕ್ಕೆ ನೇರ ತಾಗಬಾರದು, ತಾಗಿದ ಕಡೆ ಮಾತ್ರ ಅತಿಯಾಗಿ ಒಣಗುತ್ತದೆ.

ಬೀರುವಿನಲ್ಲಿ ನೇತು ಹಾಕುವ, ನೀರು ಕೆಳಗೆ ತೊಟ್ಟಿಕ್ಕಿ ತುಂಬಿಕೊಳ್ಳುವ ಪ್ಯಾಕೆಟ್ಟುಗಳಲ್ಲಿ ಇರುವುದು ಕ್ಯಾಲ್ಸಿಯಂ ಕ್ಲೋರೈಡ್. ನೀರು ಹೀರುವುದರಲ್ಲಿ ಅದು ಸಿಲಿಕಾಗಿಂತ ಮುಂದು. ಆದರೆ ಆ ಉಪ್ಪುನೀರು ಒಂದು ಚಮಚ ಚೆಲ್ಲಿದರೂ ಚರ್ಮದಲ್ಲಿ ಅಳಿಸಲಾಗದ ಕಲೆ ಬೀಳುತ್ತದೆ. ಬಟ್ಟೆ ಬೀರುವಿಗೆ ಬೇಕಾದರೆ ಇರಲಿ, ಬ್ಯಾಗ್ ಇರುವ ಡಬ್ಬಕ್ಕೆ ಬೇಡ. ಅಕ್ಕಿ ಪೊಟ್ಟಣ ಕಟ್ಟಿ ಇಡುವುದರಿಂದ ಹುಳಕ್ಕೆ ಊಟ ಸಿಗುತ್ತದೆಯೇ ಹೊರತು ತೇವ ಇಳಿಯುವುದಿಲ್ಲ. ನುಸಿಗುಳಿಗೆ ಹುಳಕ್ಕೆ, ಬೂಷ್ಟಿಗಲ್ಲ. ಜೊತೆಗೆ ಅದರ ವಾಸನೆ ಚರ್ಮದಿಂದ ಬೇಗ ಬಿಡುವುದೂ ಇಲ್ಲ.

ಈಗ ಬ್ಯಾಗನ್ನು ಒಳಗಿಡುವ ಕ್ರಮ. ಹಳೆ ಪಂಚೆಯ ತುಂಡನ್ನೋ ಬಿಳಿ ಕಾಗದವನ್ನೋ ಉಂಡೆ ಮಾಡಿ ಬ್ಯಾಗಿನ ಆಕಾರ ನಿಲ್ಲುವಷ್ಟು ತುಂಬಿ, ಉಬ್ಬುವಷ್ಟು ಬೇಡ. ದಿನಪತ್ರಿಕೆ ಬೇಡ, ಮಸಿ ಅಸ್ತರಿಗೆ ಹತ್ತುತ್ತದೆ. ಚೈನ್ ಇದ್ದರೆ ಅದನ್ನು ಬಟ್ಟೆಯಲ್ಲಿ ಸುತ್ತಿ ಒಳಗೆ ಹಾಕಿ, ಇಲ್ಲದಿದ್ದರೆ ಚರ್ಮದ ಮೇಲೆ ಅದರ ಅಚ್ಚು ಮೂಡುತ್ತದೆ. ಜಿಪ್ ತೆರೆದೇ ಇರಲಿ. ಬ್ಯಾಗನ್ನು ಒಂದು ಹತ್ತಿ ದಿಂಬಿನ ಕವರಿನೊಳಗೆ ಇಳಿಸಿ, ಡಬ್ಬದಲ್ಲಿ ನೆಟ್ಟಗೆ ಕೂರಿಸಿ. ಸಿಲಿಕಾ ಚೀಲ ಒಂದು ಬದಿಗೆ, ಮೀಟರ್ ಇನ್ನೊಂದು ಬದಿಗೆ, ಹೊರಗಿನಿಂದ ಅಂಕಿ ಕಾಣುವ ಹಾಗೆ.

ಡಬ್ಬ ಮುಚ್ಚಿದ ಮೊದಲ ದಿನ ಮೀಟರ್ ಸರ್ರನೆ ಇಳಿಯಬಹುದು. ಅದು ಬರೀ ಗಾಳಿ ಒಣಗಿದ ಲಕ್ಷಣ. ಚರ್ಮ ನಿಧಾನಕ್ಕೆ ನೀರು ಬಿಡುವುದರಿಂದ ಅಂಕಿ ಮತ್ತೆ ಮೇಲೆ ಬರುತ್ತದೆ, ಆಮೇಲೆ ಮೆಲ್ಲಗೆ ಇಳಿಯುತ್ತದೆ. ಒಂದು ವಾರವಾದರೂ ನೋಡಿ ನಿರ್ಧಾರ ಮಾಡಿ. 45–55ರ ನಡುವೆ ನಿಂತರೆ ಅಲ್ಲಿಗೆ ಬಿಟ್ಟುಬಿಡಿ. 40ರ ಕೆಳಗೆ ಹೋಗಿ ಅಲ್ಲೇ ಕೂತರೆ ಅರ್ಧ ಸಿಲಿಕಾ ಹೊರಗೆ ತೆಗೆಯಿರಿ. ಮೇ ತಿಂಗಳಲ್ಲಿ ಒಣಗಿದ ಬ್ಯಾಗಿಟ್ಟು ಅರ್ಧ ಕಿಲೋ ಹೊಸ ಸಿಲಿಕಾ ಹಾಕಿದರೆ ಹೀಗಾಗುವುದು ಸಾಮಾನ್ಯ. ಅಂಥ ಬ್ಯಾಗಿಗೆ 150–200 ಗ್ರಾಂನಿಂದ ಶುರು ಮಾಡಿ. 60 ದಾಟಿದರೆ ಸಿಲಿಕಾ ತುಂಬಿದೆ, ಬದಲಾಯಿಸಬೇಕು.

ತುಂಬಿದ ಸಿಲಿಕಾವನ್ನು ಮತ್ತೆ ಬಳಸಬಹುದು. ಓವನ್ ಇದ್ದರೆ ತಟ್ಟೆಯಲ್ಲಿ ತೆಳ್ಳಗೆ ಹರಡಿ 110–120 ಡಿಗ್ರಿಯಲ್ಲಿ ಎರಡು ಗಂಟೆ. ಇಲ್ಲದಿದ್ದರೆ ಅಡುಗೆಗೆ ಬಳಸದ ಹಳೆ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಕೈಯಾಡಿಸುತ್ತಾ ಬಿಸಿ ಮಾಡಿ, ಕಿಟಕಿ ತೆರೆದಿರಲಿ. ಉರಿ ಜಾಸ್ತಿಯಾದರೆ ಬಣ್ಣ ಸುಟ್ಟು ಕಂದಾಗುತ್ತದೆ, ಕಾಳು ಒಡೆಯುತ್ತದೆ. ಬಿಸಿ ಇರುವಾಗಲೇ ಗಾಜಿನ ಭರಣಿಗೆ ಹಾಕಬೇಡಿ, ಒಡೆದೀತು. ಸ್ಟೀಲ್ ಡಬ್ಬಿಗೆ ಹಾಕಿ ಮುಚ್ಚಿ ಆರಲು ಬಿಡಿ. ತೆರೆದಿಟ್ಟು ಆರಿಸಿದರೆ ಜುಲೈ ಗಾಳಿಯಲ್ಲಿ ಆರುವಷ್ಟರಲ್ಲೇ ನೀರು ಕುಡಿಯಲು ಶುರು ಮಾಡಿರುತ್ತದೆ. ಬಿಳಿ ಸಿಲಿಕಾ ಬಣ್ಣ ಬದಲಿಸುವುದಿಲ್ಲ, ಅದನ್ನು ಅಡುಗೆಮನೆ ತಕ್ಕಡಿಯಲ್ಲಿ ತೂಗಿ ನೋಡಿ. 500 ಗ್ರಾಂ ಇದ್ದದ್ದು 600 ದಾಟಿದ್ದರೆ ಕೆಲಸ ಮುಗಿಯುತ್ತ ಬಂತು.

ಡಬ್ಬವನ್ನು ಎಲ್ಲಿಡಬೇಕು? ಅಟ್ಟದ ಮೇಲೆ ಖಂಡಿತ ಬೇಡ. ಒಲೆಯ ಮೇಲಿನ ಅಟ್ಟ ಬೆಚ್ಚಗಿದೆ ಅಂತ ಎಲ್ಲವನ್ನೂ ಅಲ್ಲಿಗೆ ಏರಿಸುವುದು ನಮ್ಮ ರೂಢಿ. ಅಡಿಕೆಗೆ ಅದು ಸರಿ. ಚರ್ಮಕ್ಕೆ ಹೊಗೆ ವಾಸನೆ ಹಿಡಿಯುತ್ತದೆ, ಒಲೆ ಉರಿಯುವಾಗ ಬಿಸಿ, ಆರಿದ ಮೇಲೆ ತಂಪು ಎಂದು ದಿನಕ್ಕೆರಡು ಸಲ ಹಿಗ್ಗಿ ಕುಗ್ಗುತ್ತದೆ. ಮಳೆ ಹೊಡೆಯುವ ಹೊರಗೋಡೆಗೆ ಒರಗಿದ ಕಬ್ಬಿಣದ ಬೀರುವೂ ಒಳ್ಳೆಯದಲ್ಲ. ಗೋಡೆ ತಣ್ಣಗಿರುತ್ತದೆ, ಬೀರುವಿನ ಬೆನ್ನಿನಲ್ಲಿ ನೀರು ಬೆವರುತ್ತದೆ. ಮನೆಯ ನಡುವಿನ ಕೋಣೆ, ನೆಲದಿಂದ ಒಂದಡಿ ಎತ್ತರ, ಗೋಡೆಯಿಂದ ನಾಲ್ಕು ಬೆರಳು ದೂರ ಇದ್ದರೆ ಸಾಕು.

ಮಳೆಯಲ್ಲಿ ನೆನೆದರೆ

ದಿನಾ ಕೆಲಸಕ್ಕೆ ಒಯ್ಯುವ ಬ್ಯಾಗನ್ನು ಡಬ್ಬದಲ್ಲಿ ಕೂಡಿಹಾಕಲಾಗುವುದಿಲ್ಲ, ಅಲ್ವಾ? ಬಸ್ ಇಳಿದು ಮನೆಗೆ ಬರುವಷ್ಟರಲ್ಲಿ ನೆನೆದೇ ನೆನೆಯುತ್ತದೆ. ಬಂದ ಕೂಡಲೇ ನೀರನ್ನು ಒತ್ತಿ ತೆಗೆಯಿರಿ, ಉಜ್ಜಬೇಡಿ. ಒಂದೇ ಕಡೆ ಕಲೆಯಂತೆ ನೆನೆದಿದ್ದರೆ ಆ ಇಡೀ ಭಾಗವನ್ನು ಹಿಂಡಿದ ಒದ್ದೆ ಬಟ್ಟೆಯಲ್ಲಿ ಒಂದೇ ಸಮ ಸವರಿ, ಆಗ ನೀರಿನ ಗೆರೆ ನಿಲ್ಲುವುದಿಲ್ಲ. ಒಳಗೆ ಒಣ ಬಟ್ಟೆ ತುಂಬಿ ಫ್ಯಾನಿನ ಕೆಳಗೆ ಇಡಿ, ಒಳಗಿನ ಬಟ್ಟೆಯನ್ನು ಆಗಾಗ ಬದಲಿಸಿ.

ಹೇರ್ ಡ್ರೈಯರ್, ಬಚ್ಚಲ ಒಲೆ, ಗ್ಯಾಸ್ ಒಲೆ, ಸುಡುಬಿಸಿಲು ಯಾವುದೂ ಬೇಡ. ನೆನೆದ ಚರ್ಮಕ್ಕೆ ಬಿಸಿ ತಾಳಿಕೊಳ್ಳುವ ಶಕ್ತಿ ಒಣ ಚರ್ಮಕ್ಕಿಂತ ಬಹಳ ಕಡಿಮೆ. ತೊಗಟೆಯ ರಸದಲ್ಲಿ ಹದ ಮಾಡಿದ ಚರ್ಮವಂತೂ ಒದ್ದೆಯಿದ್ದಾಗ 70–80 ಡಿಗ್ರಿ ಬಿಸಿ ಕಂಡರೆ ಮುದುಡಿಕೊಳ್ಳುತ್ತದೆ, ಮತ್ತೆ ಸರಿಯಾಗುವುದಿಲ್ಲ. ಅಷ್ಟು ಬಿಸಿಯಾಗದಿದ್ದರೂ ಮೇಲ್ಮೈ ಬೇಗ ಒಣಗಿ ಒಳಗು ಒದ್ದೆಯಿರುವಾಗ ಬಗ್ಗಿಸಿದರೆ ಬಿರುಕಿಗೆ ಅದೇ ಮೊದಲು.

ಬೂಷ್ಟು ಬಂದೇಬಿಟ್ಟಿದ್ದರೆ

ಬಿಳಿ ಕಂಡದ್ದೆಲ್ಲ ಬೂಷ್ಟಲ್ಲ. ಚರ್ಮದೊಳಗಿನ ಕೊಬ್ಬು ಕೆಲವೊಮ್ಮೆ ಮೇಲೆ ಬಂದು ಬಿಳಿ ಮಂಜಿನಂತೆ ಕೂರುತ್ತದೆ, ಥಂಡಿ ಹೆಚ್ಚಿದ ದಿನಗಳಲ್ಲಿ ಇದು ಜಾಸ್ತಿ. ಒಂದು ಚಮಚವನ್ನು ಬಿಸಿನೀರಲ್ಲಿ ಅದ್ದಿ ಒರೆಸಿ, ಅದರ ಬೆನ್ನನ್ನು ಆ ಜಾಗದ ಹತ್ತಿರ ಒಂದು ಕ್ಷಣ ಹಿಡಿಯಿರಿ. ಕೊಬ್ಬಾದರೆ ಕರಗಿ ಮಾಯವಾಗುತ್ತದೆ. ಬೂಷ್ಟು ಕರಗುವುದಿಲ್ಲ, ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರೆ ಸಣ್ಣ ಕೂದಲಿನಂಥ ನವಿರು ಕಾಣುತ್ತದೆ, ಮುಗ್ಗಲು ವಾಸನೆಯೂ ಇರುತ್ತದೆ. ಹಿತ್ತಾಳೆ ಬಕಲ್ಲಿನ ಸುತ್ತ ಹಸಿರು ಮೇಣದಂಥದ್ದು ಕಂಡರೆ ಅದೂ ಬೂಷ್ಟಲ್ಲ. ಹಿತ್ತಾಳೆಯಲ್ಲಿರುವ ತಾಮ್ರ ಚರ್ಮದ ಕೊಬ್ಬಿನೊಡನೆ ಸೇರಿ ಆದದ್ದು. ಮರದ ಹಲ್ಲುಕಡ್ಡಿಯಿಂದ ಕೆರೆದು ಒಣ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ.

ಬೂಷ್ಟೇ ಆದಾಗ ಏನು ಮಾಡಬೇಕು ಎನ್ನುವುದಕ್ಕೆ ತೀರ್ಥಹಳ್ಳಿ ಹತ್ತಿರದ ನಮ್ಮ ಅತ್ತಿಗೆಯ ಬ್ಯಾಗಿನ ಕತೆಯನ್ನೇ ಹೇಳುತ್ತೇನೆ. ಕಂದು ಬಣ್ಣದ, ಹೆಗಲಿಗೆ ಹಾಕುವ ಬ್ಯಾಗ್, ಹನಿ ಇಟ್ಟರೆ ಮಣಿಯಂತೆ ನಿಲ್ಲುವ ಬಗೆಯದು. ಅಂಗಡಿಯವರು ಕೊಟ್ಟ ಪ್ಲಾಸ್ಟಿಕ್ ಕವರಿನಲ್ಲೇ ಬೀರುವಿನ ಕೆಳಗಿನ ಅರೆಯಲ್ಲಿತ್ತು. ಪುನರ್ವಸು ಮಳೆ ಹೊಡೆಯುತ್ತಿದ್ದಾಗ ತೆಗೆದರೆ ಹಿಡಿಕೆ, ಮುಚ್ಚಳದ ಅಂಚು, ಹಿಂಬದಿಯ ತುಂಬ ಬಿಳಿ. "ಇನ್ನು ಇದನ್ನ ಗೊಬ್ಬರದ ಗುಂಡಿಗೆ ಹಾಕೋದೇ ಸೈ" ಅಂದರು ಅತ್ತಿಗೆ.

ಮೊದಲು ಮೂಗಿಗೆ ಮಾಸ್ಕ್ ಹಾಕಿ ಬ್ಯಾಗನ್ನು ಜಗಲಿಯ ತುದಿಗೆ ಒಯ್ದದ್ದು. ಮನೆಯೊಳಗೆ ಕೊಡವಿದರೆ ಬೀಜಕಣ ಪಕ್ಕದ ಸೀರೆ, ಕಂಬಳಿಗೆಲ್ಲ ಹಾರುತ್ತದೆ. ಆಸ್ತಮಾ ಇರುವವರು ಈ ಕೆಲಸ ಬೇರೆಯವರಿಗೆ ಬಿಡಲಿ. ಒಣ ಮೆತ್ತನೆ ಬ್ರಷ್ಷಿನಿಂದ ಮೇಲಿನಿಂದ ಕೆಳಗೆ, ಒಂದೇ ದಿಕ್ಕಿಗೆ ಬೂಷ್ಟನ್ನು ಇಳಿಸಿದೆವು. ಒದ್ದೆ ಬಟ್ಟೆ ಮೊದಲೇ ಹಾಕಿದ್ದರೆ ಅದು ಹೊಲಿಗೆಯ ಸಂದಿಗೆ ಮೆತ್ತಿಕೊಳ್ಳುತ್ತಿತ್ತು.

ಆಮೇಲೆ ಮೆಡಿಕಲ್ ಅಂಗಡಿಯ 70 ಶೇಕಡಾ ಐಸೋಪ್ರೊಪೈಲ್ ಆಲ್ಕೋಹಾಲಿಗೆ ಅಷ್ಟೇ ನೀರು ಬೆರೆಸಿದ್ದು. ಬಿಳಿ ಬಟ್ಟೆಯ ತುದಿಯನ್ನು ಅದರಲ್ಲಿ ಅದ್ದಿ ಹಿಂಡಿ, ತಳದಲ್ಲಿ ಒಂದು ಕಡೆ ಒರೆಸಿ ನೋಡಿದೆವು. ಬಟ್ಟೆಗೆ ಕಂದು ಬಣ್ಣ ಹತ್ತಲಿಲ್ಲ. ಹತ್ತಿದ್ದರೆ ಅಲ್ಲಿಗೇ ನಿಲ್ಲಿಸಬೇಕಿತ್ತು, ಏಕೆಂದರೆ ಸ್ಪಿರಿಟ್ ಕೆಲವು ಲೇಪನಗಳನ್ನೇ ಕರಗಿಸುತ್ತದೆ. ಆಮೇಲೆ ಸ್ವಲ್ಪ ಸ್ವಲ್ಪ ಭಾಗವಾಗಿ ಇಡೀ ಬ್ಯಾಗನ್ನು ಒರೆಸಿ, ಪ್ರತಿ ಸಲ ಬಟ್ಟೆಯ ಹೊಸ ಮಡಿಕೆ ಬಳಸಿದ್ದು. ಬೂಷ್ಟು ಕಾಣದ ಕಡೆಯೂ ಬಿಡಲಿಲ್ಲ. ಹ್ಯಾಂಡ್ ಸ್ಯಾನಿಟೈಸರ್ ಜೆಲ್ ಇದಕ್ಕೆ ಆಗುವುದಿಲ್ಲ, ಅದರಲ್ಲಿರುವ ಅಂಟು, ಗ್ಲಿಸರಿನ್ ಮೈಮೇಲೆ ಉಳಿಯುತ್ತವೆ. ಬ್ಲೀಚಂತೂ ಹತ್ತಿರವೂ ಬರಬಾರದು.

ಇಷ್ಟಕ್ಕೆ ಬೂಷ್ಟು ಸತ್ತಿತು ಅಂದುಕೊಂಡರೆ ತಪ್ಪು. ತೆಳುವಾದ ಸ್ಪಿರಿಟ್ ಅದನ್ನು ಒರೆಸಿ ತೆಗೆಯುತ್ತದೆ, ಒಂದಷ್ಟನ್ನು ಕೊಲ್ಲುತ್ತದೆ, ಚರ್ಮದೊಳಗೆ ಇಳಿದದ್ದು ಹಾಗೇ ಉಳಿಯುತ್ತದೆ. ಅದು ಮತ್ತೆ ಏಳದಂತೆ ತಡೆಯುವುದು ಒಣಗಿಸುವ ಕೆಲಸ. ಅತ್ತಿಗೆಯ ಬ್ಯಾಗನ್ನು ಒಂದು ದಿನ ಫ್ಯಾನಿನ ಕೆಳಗಿಟ್ಟು ಅಡುಗೆಮನೆ ತಕ್ಕಡಿಯಲ್ಲಿ ತೂಗಿದರೆ 860 ಗ್ರಾಂ. 35 ಲೀಟರಿನ ಡಬ್ಬದಲ್ಲಿ 500 ಗ್ರಾಂ ಬಿಳಿ ಸಿಲಿಕಾ ಜೊತೆ ಇಟ್ಟು ವಾರಕ್ಕೊಮ್ಮೆ ಎರಡನ್ನೂ ತೂಗುತ್ತಾ ಹೋದರು. ಬ್ಯಾಗ್ ಇಳಿದಂತೆ ಸಿಲಿಕಾ ಏರುತ್ತಿತ್ತು. ಬ್ಯಾಗ್ 805 ಗ್ರಾಂಗೆ ಬಂದು ನಿಂತಾಗ ಮೀಟರ್ 52 ತೋರಿಸುತ್ತಿತ್ತು. 55 ಗ್ರಾಂ ನೀರು, ಅಂದರೆ ಒಂದು ಸಣ್ಣ ಕಾಫಿ ಲೋಟದಷ್ಟು, ಆ ಬ್ಯಾಗಿನ ಮೈಯಲ್ಲಿತ್ತು. ತೂಕ ಎರಡು ವಾರ ಬದಲಾಗದಿದ್ದರೆ ಒಣಗಿದೆ ಎಂದು ಧೈರ್ಯವಾಗಿ ಹೇಳಬಹುದು. ಮೀಟರ್ ಇಲ್ಲದವರಿಗೂ ಈ ತಕ್ಕಡಿ ಲೆಕ್ಕ ಕೆಲಸಕ್ಕೆ ಬರುತ್ತದೆ.

ಬೂಷ್ಟು ಇದ್ದ ಕಡೆ ಮಸುಕು ಕಪ್ಪು ಚುಕ್ಕೆಗಳು ಉಳಿದವು. ಬೂಷ್ಟಿನ ಕಲೆ ಚರ್ಮಕ್ಕೆ ಇಳಿದಿರುವ ಜಾಗ ಅದು, ಮನೆಯಲ್ಲಿ ತೆಗೆಯಲಾಗುವುದಿಲ್ಲ. ಅಸ್ತರಿ ಬಟ್ಟೆಗೆ ಬೂಷ್ಟು ಹಿಡಿದು ವಾಸನೆ ಹೋಗದಿದ್ದರೆ ಬ್ಯಾಗ್ ರಿಪೇರಿ ಮಾಡುವವರ ಹತ್ತಿರ ಅಸ್ತರಿ ಬದಲಿಸುವುದೇ ವಾಸಿ. ಅಗರಬತ್ತಿ ಹೊಗೆ, ಸೆಂಟು ಹೊಡೆದರೆ ಎರಡು ವಾಸನೆ ಸೇರಿ ಮೂರನೆಯದಾಗುತ್ತದೆ, ಅಷ್ಟೆ.

ಮಳೆ ನಿಂತ ಮೇಲೆ

ಅಕ್ಟೋಬರ್ ಕೊನೆ, ನವೆಂಬರ್ ಹೊತ್ತಿಗೆ ಹೊರಗಿನ ತೇವಾಂಶವೇ ಇಳಿಯುತ್ತದೆ. ಒಣಹವೆಯ ದಿನ ನೋಡಿ ಬ್ಯಾಗನ್ನು ಹೊರಗೆ ತೆಗೆದು, ಜಗಲಿಯ ನೆರಳಲ್ಲಿ ಒಂದು ದಿನ ಗಾಳಿಗಿಡಿ. ಎರಡನೇ ಸಲ ಕ್ರೀಮ್ ಹಚ್ಚುವ ಕಾಲ ಇದು, ಪ್ರಮಾಣ ಮೇ ತಿಂಗಳಷ್ಟೇ. ವರ್ಷಕ್ಕೆ ಈ ಎರಡು ಸಲ ಸಾಕು. ಬೂಷ್ಟು ಹಿಡಿದ ಬ್ಯಾಗಿಗೆ ತೂಕ ನಿಂತು, ಒಂದು ತಿಂಗಳು ಮತ್ತೆ ಬಿಳಿ ಕಾಣದಿದ್ದರೆ ಮಾತ್ರ ಕ್ರೀಮ್.

ಇಲ್ಲಿಂದ ಏಪ್ರಿಲ್‌ವರೆಗೆ ಬ್ಯಾಗ್ ಬಟ್ಟೆಯ ಚೀಲದಲ್ಲಿ, ಗಾಳಿಯಾಡುವ ಬೀರುವಿನಲ್ಲಿ ಇದ್ದರೆ ಒಳ್ಳೆಯದು. ಸಿಲಿಕಾ ಹೊರಗೆ ತೆಗೆಯಲು ಮರೆಯಬೇಡಿ. ಫೆಬ್ರವರಿ, ಮಾರ್ಚ್‌ನಲ್ಲಿ ಹಗಲು ತೇವಾಂಶ ತಾನೇ ತಗ್ಗುತ್ತದೆ, ಆಗ ಸಿಲಿಕಾ ಜೊತೆಗಿದ್ದರೆ ಚರ್ಮ ಅತಿಯಾಗಿ ಒಣಗುತ್ತದೆ. ಹಿಡಿಕೆಯನ್ನು ಮೆಲ್ಲಗೆ ಬಗ್ಗಿಸಿ ನೋಡಿ. ಬಗ್ಗಿದ ಕಡೆ ತಿಳಿ ಬಣ್ಣದ ಸಣ್ಣ ಗೆರೆಗಳು ಮೂಡಿ, ಬಿಟ್ಟ ಮೇಲೆ ಮಾಯವಾದರೆ ಒಣಗುತ್ತಿದೆ ಎಂದರ್ಥ, ಕ್ರೀಮ್ ಹಚ್ಚಿದರೆ ಚೇತರಿಸಿಕೊಳ್ಳುತ್ತದೆ. ಬಿಟ್ಟ ಮೇಲೂ ಗೆರೆ ನಿಂತು, ಉಗುರಿಗೆ ಅಂಚು ತಾಗಿದರೆ ಅದು ಬಿರುಕು. ಮೇಲಿನ ಲೇಪನವಷ್ಟೇ ಒಡೆದಿದ್ದರೆ ಲೆದರ್ ಫಿಲ್ಲರ್ ತುಂಬಿ ಬಣ್ಣ ಹಚ್ಚುವವರು ಮುಚ್ಚಿಕೊಡುತ್ತಾರೆ. ನಾರೇ ತುಂಡಾಗಿದ್ದರೆ ಯಾವ ಕ್ರೀಮೂ ಅದನ್ನು ಕೂಡಿಸುವುದಿಲ್ಲ. ಹಿಡಿಕೆಯಲ್ಲಿ ಹಾಗಾಗಿದ್ದರೆ ಭಾರ ಹಾಕಬೇಡಿ, ಹೊಸ ಹಿಡಿಕೆ ಹೊಲಿಸಿ.